ಜಾಗ ಇದೆ, ನಿಮಗಿಲ್ಲ

ಕಂಪ್ಯೂಟರ್ ಆಡುವ ಮಾತುಗಳಲ್ಲಿ ‘ಡಿಸ್ಕಿನಲ್ಲಿ ಜಾಗ ಸಾಲದು’ ಎನ್ನುವುದರಷ್ಟು ಜಗಳ ಹಚ್ಚುವ ಮಾತು ಇನ್ನೊಂದಿಲ್ಲ. ಆಫೀಸಿನ ಸರ್ವರ್ ನೋಡಿಕೊಳ್ಳುವ ನನ್ನಂಥವನಿಗೆ ಇದು ತಪ್ಪದೆ ತಿಂಗಳ ಕೊನೆಯಲ್ಲಿ, ತಪ್ಪದೆ ಲೆಕ್ಕಪತ್ರ ವಿಭಾಗದಿಂದಲೇ ಬರುತ್ತದೆ. ಆ ವಿಭಾಗದ ಹಿರಿಯರಾದ ರಾಯರು ಫೋನಿನಲ್ಲಿ ‘ಹಲೋ’ ಅನ್ನುವ ಜಾತಿಯವರಲ್ಲ.

“ಏನಯ್ಯಾ, ನಿನ್ನ ಸರ್ವರ್‌ಗೆ ತಲೆ ನೆಟ್ಟಗಿದೆಯಾ? `Z:` ಮೇಲೆ 900 ಜಿಬಿ ಖಾಲಿ ಅಂತ ಅದೇ ತೋರಿಸತ್ತೆ. ನನ್ನ 38 ಎಂಬಿ ಎಕ್ಸೆಲ್‌ಗೆ ಜಾಗ ಇಲ್ಲ ಅಂತಾನೂ ಅದೇ ಹೇಳತ್ತೆ. ನಾನೇನು ಸೇರಿಸಿದ್ದೀನಾ? ಇನ್ನೂರು ಸಾಲು ಅಳಿಸಿದ್ದೀನಿ ಕಣಯ್ಯಾ, ಅಳಿಸಿದ್ದೀನಿ!”

ರಾಯರ ಎರಡು ಪ್ರಶ್ನೆಗಳೂ ನ್ಯಾಯವಾದವೇ. ಅವರ ಕಡತಗಳಿರುವುದು `D:\Data\Accounts\Rao` ಎಂಬ ಫೋಲ್ಡರಿನಲ್ಲಿ. ಅದಕ್ಕೆ ವಿಂಡೋಸ್ ಸರ್ವರಿನ ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್‌ನಲ್ಲಿ 10 ಜಿಬಿ ಕೋಟಾ ಹಾಕಿದೆ. ಆದರೆ ಅವರ `Z:` ಜೋಡಿಸಿರುವುದು ಮೇಲಿನ `Data` ಫೋಲ್ಡರಿಗೆ. ಅಲ್ಲಿ ಕೋಟಾ ಇಲ್ಲವಾದ್ದರಿಂದ ಇಡೀ ಡಿಸ್ಕಿನ ಖಾಲಿ ಜಾಗವೇ ಕಾಣುತ್ತದೆ. `Z:` ಅನ್ನು ನೇರವಾಗಿ `Rao` ಫೋಲ್ಡರಿಗೆ ಜೋಡಿಸಿದ್ದರೆ ಡ್ರೈವಿನ ಒಟ್ಟು ಗಾತ್ರವೇ 10 ಜಿಬಿ ಎಂದು ತೋರಿಸಿ, ಖಾಲಿ ಉಳಿದದ್ದು ಚೂರುಪಾರು ಎಂದೂ ಹೇಳುತ್ತಿತ್ತು. ಬರೆಯಲು ಹೋದಾಗ ಮಾತ್ರ ಎಲ್ಲಿಂದ ಬಂದವರಿಗೂ ಒಂದೇ ಉತ್ತರ: ಜಾಗವಿಲ್ಲ. ಯಾರ ಜಾಗ ಎಂದು ಅದು ಬಿಡಿಸಿ ಹೇಳುವುದಿಲ್ಲ.

“ಕೆರೆ ತುಂಬಿದ್ರೂ ನಿಮ್ಮ ಬಿಂದಿಗೆ ಬಿಂದಿಗೆಯೇ ಸರ್,” ಎಂದೆ.

“ಬಿಂದಿಗೆಯಿಂದ ನೀರು ಚೆಲ್ಲಿದ್ರೂ ತುಂಬಿದೆ ಅಂತೀಯಲ್ಲೋ!”

ಎರಡನೆಯ ಪ್ರಶ್ನೆಗೆ ಉತ್ತರ ಎಕ್ಸೆಲ್‌ನ ಗುಟ್ಟಿನಲ್ಲಿದೆ. ಸೇವ್ ಒತ್ತಿದಾಗ ಅದು ಹಳೆಯ ಕಡತವನ್ನು ತಿದ್ದುವುದಿಲ್ಲ. ಅದೇ ಫೋಲ್ಡರಿನಲ್ಲಿ ವಿಚಿತ್ರ ಹೆಸರಿನ ಹೊಸ ಕಡತ ಬರೆದು, ಅದು ಪೂರ್ತಿಯಾದ ಮೇಲೆ ಹಳೆಯದನ್ನು ಕಿತ್ತು, ಹೊಸದಕ್ಕೆ ಹಳೆಯ ಹೆಸರಿಡುತ್ತದೆ. ಅಷ್ಟು ಹೊತ್ತು ಎರಡೂ ಇರಲೇಬೇಕು. ರಾಯರ ಪಾಲಿನಲ್ಲಿ ಉಳಿದದ್ದು 20 ಎಂಬಿ. ಬೇಕಾದದ್ದು 38ಕ್ಕೆ ಕೊಂಚ ಕಡಿಮೆ. ಅಳಿಸಿದ್ದನ್ನು ಉಳಿಸಲೂ ಜಾಗ ಬೇಕು.

“ಮುಂಚೆಯೇ ಹೇಳಬಾರದಿತ್ತಾ?” ಎಂದರು. ಕೋಟಾ 85 ಪ್ರತಿಶತ ದಾಟಿದಾಗಲೇ ಅವರಿಗೆ ಮೇಲ್ ಹೋಗುವಂತೆ ಹಾಕಿತ್ತು. ಸಾಲ ಕೊಡುತ್ತೇವೆ ಎನ್ನುವ ಮೇಲ್‌ಗಳ ಗುಂಪಿನಲ್ಲಿ ಅವೂ ತೆರೆಯದೆ ಮಲಗಿದ್ದವು.

ಮ್ಯಾನೇಜರ ಒಪ್ಪಿಗೆ ಪಡೆದು ಅವರ ಮಿತಿಯನ್ನು 15 ಜಿಬಿಗೆ ಏರಿಸಿದೆ. ರಾಯರು ಸೇವ್ ಒತ್ತಿದರು. ಜಾಗವಿಲ್ಲ. ಈ ಸಲ ಅವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. ಅಷ್ಟರಲ್ಲಿ ಅದೇ ವಿಭಾಗದ ಇನ್ನಿಬ್ಬರೂ ಫೋನ್ ಮಾಡಿದರು. ಒಬ್ಬರಿಗೆ ತೊಂದರೆಯಾದರೆ ಅವರ ಫೋಲ್ಡರ್ ನೋಡಬೇಕು. ವಿಭಾಗಕ್ಕೇ ಆದರೆ ಒಂದು ಮೆಟ್ಟಿಲು ಮೇಲೆ ಹತ್ತಬೇಕು:

```
Get-FsrmQuota -Path "D:\Data\Accounts"
```

`Size` ಎದುರು 50 ಜಿಬಿ, `Usage` ಎದುರು ಹೆಚ್ಚುಕಡಿಮೆ ಅಷ್ಟೇ, `SoftLimit` ಎದುರು `False`. ಅಂದರೆ ಬರೀ ಎಚ್ಚರಿಸಿ ಬಿಡುವ ಮಿತಿಯಲ್ಲ, ತಡೆದು ನಿಲ್ಲಿಸುವ ಮಿತಿ. ಫೋಲ್ಡರಿನೊಳಗಿನ ಫೋಲ್ಡರಿಗೆ ಕೋಟಾ ಇದ್ದರೆ ಎರಡೂ ಲೆಕ್ಕಕ್ಕೆ ಬರುತ್ತವೆ. ಯಾವುದು ಮೊದಲು ತುಂಬುತ್ತದೋ ಅದೇ ಬಾಗಿಲು ಹಾಕುತ್ತದೆ. ಎಂಟು ಜನಕ್ಕೆ ತಲಾ 10 ಜಿಬಿ ಎಂದು ಹೇಳಿ, ವಿಭಾಗಕ್ಕೆ ಒಟ್ಟು 50 ಕೊಟ್ಟಿತ್ತು. ಎಲ್ಲರೂ ಒಟ್ಟಿಗೆ ತುಂಬುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ರಾಯರ ಮಿತಿಯನ್ನು 15 ಅಲ್ಲ, 500 ಮಾಡಿದ್ದರೂ ಫಲವಿರಲಿಲ್ಲ.

ತುಂಬಿದ್ದು ಯಾರು? ಜನರ ಫೋಲ್ಡರುಗಳ ಪಕ್ಕದಲ್ಲೇ `Common` ಎಂಬುದೊಂದಿತ್ತು. ಅದಕ್ಕೆ ಸ್ವಂತ ಕೋಟಾ ಇಲ್ಲ, ಆದರೆ ಒಳಗಿನದೆಲ್ಲ ವಿಭಾಗದ 50ರಲ್ಲೇ ಸೇರುತ್ತದೆ. ಅದರೊಳಗೆ ಹಳೆಯ ಕಂಪ್ಯೂಟರಿನ ಬ್ಯಾಕಪ್ಪು, ಮಗಳ ಮದುವೆಯ ವಿಡಿಯೊ, ಒಟ್ಟು 14 ಜಿಬಿ. ಈ ಬಗೆಯ ಕೋಟಾ ಫೋಲ್ಡರನ್ನಷ್ಟೇ ಎಣಿಸುತ್ತದೆ, ಕಡತ ಯಾರದ್ದೆಂದು ಕೇಳುವುದಿಲ್ಲ. ಆದರೆ ಎಕ್ಸ್‌ಪ್ಲೋರರಿನಲ್ಲಿ `Owner` ಎಂಬ ಕಾಲಮ್ಮು ತೆರೆದರೆ ಅದು ಹೇಳುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು. ತಮ್ಮ ಪಾಲು ತುಂಬಿದಾಗಲೆಲ್ಲ ರಾಯರು ಸಾಮಾನನ್ನು ಪಕ್ಕಕ್ಕೆ ಸಾಗಿಸಿದ್ದರು. ಅವರ ಮಿತಿಯಲ್ಲಿ ಅದು ಇಳಿಯಿತು, ವಿಭಾಗದ ಮಿತಿಯಲ್ಲಿ ಒಂದು ಬೈಟೂ ಇಳಿಯಲಿಲ್ಲ.

ರಾಯರನ್ನು ನನ್ನ ಮೇಜಿಗೆ ಕರೆಸಿ, ಪರದೆಯನ್ನು ಅವರ ಕಡೆ ತಿರುಗಿಸಿದೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

“ಕಾಮನ್ ಅಂದ್ರೆ ಎಲ್ಲರದ್ದೂ ತಾನೇ?”

“ಹೌದು ಸರ್. ಅದಕ್ಕೇ ಎಲ್ಲರಿಗೂ ನಿಂತಿದೆ.”