ಮೆನು ರಾಯರು

ಪ್ಯಾಕೇಜ್ ಟೂರಿಗೆ ಹೊರಟ ಯಾವ ಕನ್ನಡಿಗರ ಗುಂಪಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತ ಬ್ಯಾಂಕ್ ಅಧಿಕಾರಿ, ಹಣೆಯ ಮೇಲೆ ಕನ್ನಡಕ, ಕೊರಳಲ್ಲಿ ದಾರ ಕಟ್ಟಿದ ಫೋನು. ಹೋಟೆಲಿಗೆ ಕಾಲಿಟ್ಟ ಕೂಡಲೇ ಉಳಿದವರು ಬಚ್ಚಲು ಎಲ್ಲಿದೆಯೆಂದು ಹುಡುಕಿದರೆ ಇವರು ಮೆನು ಕಾರ್ಡನ್ನು ಮೇಜಿನ ಮೇಲೆ ಹರಡಿ, ಸಾಲದ ಅರ್ಜಿಯ ಜೊತೆ ಬಂದ ಪಹಣಿಯನ್ನು ನೋಡುವ ಗಾಂಭೀರ್ಯದಿಂದ ಫೋಟೋ ಹೊಡೆಯುತ್ತಾರೆ. ಬ್ಯಾಂಕಾಕಿನಲ್ಲಿ ನಮ್ಮ ಪಾಲಿಗೆ ಬಂದವರನ್ನು ಎರಡನೆಯ ಊಟದ ಹೊತ್ತಿಗೆ ಎಲ್ಲರೂ ಮೆನು ರಾಯರು ಎನ್ನತೊಡಗಿದ್ದರು. ಅವರಿಗೂ ಬೇಸರವಿರಲಿಲ್ಲ.

ಆಪ್ ಅನುವಾದಿಸಿದ್ದನ್ನು ರಾಯರು ಓದುವುದಿಲ್ಲ, ಘೋಷಿಸುತ್ತಾರೆ. "ಕೇಳಿಸಿಕೊಳ್ಳಿ. ಚೀನೀ ಸಿಹಿತಿಂಡಿ, ಹಸಿರು ಸಿಹಿ ಸಾರು, ಕೋಳಿ." ಧಾರವಾಡದ ದೇಸಾಯರಿಗೆ ಕೋಳಿಯೂ ಆಗುತ್ತದೆ, ಸಿಹಿಯೂ ಆಗುತ್ತದೆ. "ಅದನ್ನs ಹೇಳ್ರಿ ರಾಯರ, ಎರಡೂ ಒಂದs ತಾಟಿನ್ಯಾಗ ಬರ್ತಾವಂದ್ರ ಚಲೋನs ಆತು" ಎಂದರು.

ಬಂದದ್ದು ಬಿಳಿ ಎಳೆಗಳ ಸುರುಳಿ, ನಮ್ಮ ಒತ್ತುಶಾವಿಗೆಯ ಸೋದರಿ. ಅದರ ಮೇಲೆ ತೆಂಗಿನ ಹಾಲಿನ ಹಸಿರು ಸಾರು. ಅದರ ಹೆಸರು ಖನೋಮ್ ಚೀನ್. ಥಾಯ್ ಭಾಷೆಯಲ್ಲಿ ಖನೋಮ್ ಅಂದರೆ ತಿಂಡಿ, ಸಿಹಿ. ಚೀನ್ ಅಂದರೆ ಚೀನಾ. ಫೋನು ಎರಡನ್ನೂ ಬಿಡಿಸಿ ಹೇಳಿತ್ತು. ಆದರೆ ಈ ಅಕ್ಕಿ ಶಾವಿಗೆಗೂ ಚೀನಾಕ್ಕೂ ಸಂಬಂಧವಿಲ್ಲ, ಹೆಸರು ಮೋನ್ ಭಾಷೆಯಿಂದ ಬಂದದ್ದೆಂದು ಹೇಳುತ್ತಾರೆ. ಇನ್ನು ಹಸಿರು ಸಾರಿನ ಹೆಸರಿನಲ್ಲಿರುವ 'ಸಿಹಿ' ಬಣ್ಣಕ್ಕೆ ಸೇರಿದ್ದು: ತಿಳಿಯಾದ, ಕಣ್ಣಿಗೆ ಹಿತವಾದ ಹಸಿರು. ಆ ಬಣ್ಣ ಬರುವುದು ಹಸಿಮೆಣಸಿನಕಾಯಿ ರುಬ್ಬಿದ್ದರಿಂದ. ದೇಸಾಯರು ಮೊದಲ ತುತ್ತಿಗೆ ಸುಮ್ಮನಾದರು. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. "ಸಿಹಿ ಭಾಳ ಆತ್ರೀ" ಎಂದರು.

ರಾಯರು ಆ ರಾತ್ರಿ ಕೂತು ತಮ್ಮ ಖಾರದ ನೀತಿಯನ್ನು ತಿದ್ದಿಕೊಂಡರು. ಅಲ್ಲಿಯವರೆಗೆ ಹೆಸರಿನ ಮುಂದೆ ಅಚ್ಚಾದ ಮೆಣಸಿನಕಾಯಿ ಚಿತ್ರಗಳನ್ನು ಎಣಿಸುವುದೇ ಅವರ ಲೆಕ್ಕಾಚಾರವಾಗಿತ್ತು. ಒಂದಾದರೆ ಗುಂಪಿನಲ್ಲಿದ್ದ ಅಜ್ಜಿಗೆ, ಎರಡಾದರೆ ನಮಗೆ, ಮೂರಾದರೆ ದೇಸಾಯರಿಗೆ. ಆದರೆ ಆ ಚಿತ್ರಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಂದು ಅಂಗಡಿಯ ಒಂದು ಕಾಯಿ ಇನ್ನೊಂದರ ಮೂರಕ್ಕೆ ಸಮ. ವಿದೇಶಿಯರೇ ಹೆಚ್ಚು ಬರುವ ಬೀದಿಯಲ್ಲಿ ಅಡುಗೆಯವರೇ ಕೈ ಹಿಡಿಯುತ್ತಾರೆ. ಕಚೇರಿ ನೌಕರರು ಮಧ್ಯಾಹ್ನ ಉಣ್ಣುವ ಅಂಗಡಿಯಲ್ಲಿ ಹಿಡಿಯುವುದಿಲ್ಲ. ಜೊತೆಗೆ ನಮ್ಮ ಬ್ಯಾಡಗಿಯ ಹೆಮ್ಮೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬ್ಯಾಡಗಿ ಹೆಸರಾದದ್ದು ಬಣ್ಣಕ್ಕೆ. ಇವರದು ಪ್ರಿಕ್ ಖೀ ನೂ, ಕಿರುಬೆರಳಿನ ತುದಿಯಷ್ಟು ಗಾತ್ರದ ಸೂಜಿಮೆಣಸು. ಪದಶಃ ಇಲಿಹಿಕ್ಕೆ ಮೆಣಸು. ಫೋನು ಅದನ್ನೂ ಮುಚ್ಚುಮರೆಯಿಲ್ಲದೆ ಅನುವಾದಿಸಿದ್ದರಿಂದ ಒಂದು ಮಧ್ಯಾಹ್ನ ಅರ್ಧ ಮೇಜು ಊಟವನ್ನೇ ಬಿಟ್ಟಿತು.

ರಾಯರ ಹೊಸ ಪದ್ಧತಿ ಚಿತ್ರ ನೋಡದೆ ಕಾಯಿ ಎಣಿಸಿ ಹೇಳುವುದು. ಹಸಿ ಪಪ್ಪಾಯಿಯ ಸೋಮ್ ತಾಮ್ ಅನ್ನು ಅಲ್ಲಿ ಒಬ್ಬೊಬ್ಬರಿಗೂ ಬೇರೆಯಾಗಿ ಒರಳಲ್ಲಿ ಕುಟ್ಟಿ ಕೊಡುತ್ತಾರೆ, ಹಾಗಾಗಿ "ಒಂದೇ ಕಾಯಿ" ಎಂದರೆ ಒಂದೇ ಬೀಳುತ್ತದೆ. ಹಸಿರು ಸಾರಿನಲ್ಲಿ ಈ ಆಟ ನಡೆಯುವುದಿಲ್ಲ. ಅದರ ಮಸಾಲೆ ಮೊದಲೇ ರುಬ್ಬಿಟ್ಟದ್ದು, ಖಾರ ಕಡಿಮೆ ಮಾಡಿ ಎಂದರೆ ಅವರು ತೆಂಗಿನ ಹಾಲನ್ನಷ್ಟೇ ಹೆಚ್ಚಿಸಬಲ್ಲರು. ಇದನ್ನು ಕಂಡುಕೊಂಡ ಮೇಲೆ ರಾಯರ ನಡಿಗೆಯೇ ಬದಲಾಯಿತು.

ಗುಂಪಿನಲ್ಲಿ ಕಡಲೆಕಾಯಿ ಆಗದ ಹುಡುಗಿಯೊಬ್ಬಳಿದ್ದಳು. ತಿಂದರೆ ತುಟಿ ಊದಿಕೊಂಡು ಉಸಿರು ಕಟ್ಟುತ್ತದೆ; ಅವಳಮ್ಮನ ಚೀಲದಲ್ಲಿ ಸದಾ ಇಂಜೆಕ್ಷನ್. ಇಲ್ಲಿ ಮಾತ್ರ ರಾಯರು ಘೋಷಣೆ ನಿಲ್ಲಿಸಿ ಗುಮಾಸ್ತರಾಗುತ್ತಿದ್ದರು. ಸೋಮ್ ತಾಮ್ ಸಾಲಿನ ಫೋಟೋ ಹಿಡಿದಾಗ ಫೋನು "ಬೀನ್ಸ್" ಎಂದಿತು. ತಾಯಿ ಸಮಾಧಾನಪಟ್ಟರು. ರಾಯರು ಪಕ್ಕದ ಮೇಜಿನ ತಟ್ಟೆ ನೋಡಿ ಬಂದು, "ತಾಳಮ್ಮ. ಅಲಸಂದೆ ಇದೆ, ಕಡಲೆಕಾಯಿಯೂ ಇದೆ" ಎಂದರು. ಥಾಯ್‌ನಲ್ಲಿ ಥುವಾ ಎಂಬ ಒಂದೇ ಮಾತು ಅಲಸಂದೆ, ಮೊಳಕೆಕಾಳು, ಕಡಲೆಕಾಯಿ ಎಲ್ಲಕ್ಕೂ ನಡೆಯುತ್ತದೆ. ಕಡಲೆಕಾಯಿ ಎಂದು ಬಿಡಿಸಿ ಹೇಳಬೇಕಾದರೆ ಥುವಾ ಲಿಸೋಂಗ್ ಎನ್ನಬೇಕು.

ರಾಯರು ಕನ್ನಡದಲ್ಲಿ "ಈ ಹುಡುಗಿಗೆ ಕಡಲೆಕಾಯಿ ಅಲರ್ಜಿ" ಎಂದು ಟೈಪ್ ಮಾಡಿ ಥಾಯ್‌ಗೆ ತಿರುಗಿಸಿದರು. ಬ್ಯಾಂಕಿನ ಅಭ್ಯಾಸ, ಪುನಃ ಪರಿಶೀಲನೆ ಬೇಕು. ಅದನ್ನೇ ಮರಳಿ ಕನ್ನಡಕ್ಕೆ ತಂದರೆ, "ಈ ಹುಡುಗಿ ಕಡಲೆಕಾಯಿಗೆ ಸೋತಳು" ಎಂದು ಬಂತು. "ಛೆ, ಇದೇನು ಪ್ರೇಮಕಥೆಯೇ?" ಎಂದು ರಾಯರು ಅಳಿಸಲು ಹೊರಟರು. ಅಷ್ಟರಲ್ಲಿ ಬಡಿಸುವ ಹುಡುಗಿ ಬಗ್ಗಿ ಥಾಯ್ ಸಾಲನ್ನು ಓದಿ, ಮುಖ ಗಂಭೀರ ಮಾಡಿಕೊಂಡು ಒಳಗೆ ಓಡಿದಳು. ಅಲ್ಲಿ ಸೋಲುವುದಕ್ಕೂ ಅಲರ್ಜಿಗೂ ಪೇ ಎಂಬ ಒಂದೇ ಕ್ರಿಯಾಪದ. ವಾಕ್ಯ ಸರಿಯಾಗಿಯೇ ಇತ್ತು, ಕೆಟ್ಟದ್ದು ಪರಿಶೀಲನೆ.

ಅಡುಗೆಯಾಕೆ ಹೊರಗೆ ಬಂದು ಬೇಡವೆಂಬಂತೆ ಕೈಯಾಡಿಸಿ, ತನ್ನ ಮಣ್ಣಿನ ಒರಳನ್ನು ಬಗ್ಗಿಸಿ ತೋರಿಸಿದಳು. ತಳದಲ್ಲಿ ಹಿಂದಿನ ಗಿರಾಕಿಯ ಕಡಲೆಚೂರು, ಒಣ ಸೀಗಡಿಯ ಪುಡಿ. ದಿನವಿಡೀ ಎಲ್ಲರ ಪಪ್ಪಾಯಿಯೂ ಅದರಲ್ಲೇ. ಕಡಲೆಕಾಯಿ ಹಾಕಬೇಡಿ ಎಂದು ಎಷ್ಟು ಚೆಂದದ ಥಾಯ್‌ನಲ್ಲಿ ಹೇಳಿದರೂ ಒರಳಿಗೆ ಅದು ತಿಳಿಯಬೇಕಲ್ಲ! ಹುಡುಗಿಗೆ ಬೇರೆ ಬಾಣಲೆ ತೊಳೆದು ಮೊಟ್ಟೆ ಹಾಕಿಕೊಟ್ಟರು. ಐರೋಪ್ಯ ಒಕ್ಕೂಟದಲ್ಲಾದರೆ 2014ರ ಡಿಸೆಂಬರಿನಿಂದ ಹೋಟೆಲಿನವರು ಹದಿನಾಲ್ಕು ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕು. ಈ ಬೀದಿಬದಿಯ ಮೆನುವಿನಲ್ಲಿ ಅಂಥ ಸಾಲೇ ಇರಲಿಲ್ಲ, ಫೋಟೋ ಹೊಡೆದು ಪ್ರಯೋಜನವೇನು?

ಇಲ್ಲದ ಸಾಲನ್ನು ಓದುವ ಈ ಚಟ ಮುಂದೆ ನಮ್ಮ ಹಸಿವಿಗೇ ಮುಳುವಾಯಿತು. "ತೋಫು ಹಾಕಿದ ಹಸಿರು ಸಾರು" ಎಂದು ಮೆನು ಹೇಳಿದರೆ ರಾಯರು, "ತೋಫು ಸರಿ. ಮಸಾಲೆಯಲ್ಲಿ ಸೀಗಡಿ ಹಿಂಡಿ ಇರುತ್ತೆ, ಮೇಲೆ ಮೀನಿನ ಸಾಸು" ಎನ್ನುವರು. ಸೊಪ್ಪಿನ ಪಲ್ಯಕ್ಕೆ ಸಿಂಪಿಯ ಸಾಸು. ಅನ್ನಕ್ಕೂ ಅನುಮಾನಪಟ್ಟಾಗ ದೇಸಾಯರು ಎದ್ದು ನಿಂತರು. "ನೀವು ಓದ್ರಿ, ನಾವು ಉಂಡ್ ಬರ್ತೀವಿ."

ಅಜ್ಜಿಯದು ಬೇರೆ ಕಷ್ಟ. ಈರುಳ್ಳಿ, ಬೆಳ್ಳುಳ್ಳಿ ಸೋಕಿಸರು. ಅವರಿಗಾಗಿ ರಾಯರು ಹಳದಿ ಬಾವುಟದ ಬೇಟೆಗೆ ಹೊರಟರು. ಅದರ ಮೇಲಿನ ಕೆಂಪು ಅಕ್ಷರ ನೋಡಲು 17ರಂತೆ, ಓದಲು ಜೇ. ಬೌದ್ಧ ವ್ರತದ ಈ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. "ನಮ್ಮ ಮಠದ ಮಡಿಯೇ ಅಜ್ಜಿ!" ಎಂದು ರಾಯರು ಸಂಭ್ರಮಿಸಿದರು. ಹಾಲೂ ಇಲ್ಲವೆಂಬುದನ್ನು, ಅಂದರೆ ಮೊಸರೂ ಸಿಗದೆಂಬುದನ್ನು, ಅಜ್ಜಿ ಕೂತ ಮೇಲೆ ತಿಳಿಸಿದರು.

ಗಾಜಿನ ಪೆಟ್ಟಿಗೆಯೊಳಗಿನ ಚೀಟಿಗೆ ಫೋನು ಹಿಡಿದರೆ "ಬಾತುಕೋಳಿ" ಎಂದು ಬಂತು. ಅಜ್ಜಿ ಕುರ್ಚಿ ಹಿಂದೆ ತಳ್ಳಿದರು.

"ಇಲ್ಲ ಅಜ್ಜಿ, ಗೋಧಿಯ ಅಂಟಿನಿಂದ ಮಾಡಿದ್ದು. ಮಾಂಸ ಬಿಟ್ಟವರಿಗೆ ರುಚಿ ನೆನಪಾಗಲಿ ಅಂತ."

"ನನಗೇನೋ ನೆನಪಾಗಬೇಕು ಅದರಿಂದ?"

ದೇಸಾಯರು ಗಾಜಿಗೆ ಮೂಗು ತಾಗಿಸಿ ನೋಡಿದರು. "ಗೋಧಿ ಅಂತೀರಿ, ಮತ್ತ ಚರ್ಮ ಐತಲ್ರೀ ಇದಕ?"

ರಾಯರು ನೇರ ಬಾತುಕೋಳಿಗೇ ಫೋನು ಹಿಡಿದು ಫೋಟೋ ಹೊಡೆದರು. ಯಾವುದೇ ಅಕ್ಷರ ಕಂಡುಬಂದಿಲ್ಲ ಎಂದಿತು ಪರದೆ.