ಮೇಲೆ ಕಂಡದ್ದೆಲ್ಲ ಬೆಸ್ಕಾಂ ಅಲ್ಲ ಭಾವ!

ನಮ್ಮ ಭಾವನವರು ಕೊತ್ತಂಬರಿ ಸೊಪ್ಪಿನ ಮುಂದೆ ನಿಂತರೆ ಕಾಲು ಗಂಟೆ ಗ್ಯಾರಂಟಿ. ಕಟ್ಟಿಗೆ ಎರಡು ರೂಪಾಯಿ ಇಳಿಸದೆ ಕದಲುವವರಲ್ಲ. ಅದೇ ಭಾವ ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟಲು ಕೂತರೆ ಸಾಕ್ಷಾತ್ ದಾನಶೂರ ಕರ್ಣ. ಬಿಲ್ಲಿನಲ್ಲಿ 1,240 ರೂಪಾಯಿ, ಖಾತೆಯಿಂದ ಹೋದದ್ದು 1,265. ಇಪ್ಪತ್ತೈದು ಎಲ್ಲಿಗೆ ಹೋಯಿತು ಅಂದರೆ, "ಅದೇನೋ ಕನ್ವೀನಿಯನ್ಸ್ ಫೀ ಅಂತೆ ಕಣಯ್ಯ, ಸರ್ಕಾರದ್ದೇ ಇರಬೇಕು" ಅಂತಾರೆ. ಯಾರ ಕನ್ವೀನಿಯನ್ಸು ಭಾವ?

ಆಗುವುದಿಷ್ಟೇ. ಭಾವ ಗೂಗಲ್ಲಿನಲ್ಲಿ "ಬೆಸ್ಕಾಂ ಬಿಲ್" ಅಂತ ಬರೆದು ಮೊದಲು ಕಂಡದ್ದನ್ನೇ ಒತ್ತುತ್ತಾರೆ. ಅದರ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ "Sponsored" ಅಂತಿರುತ್ತದೆ. ದುಡ್ಡು ಕೊಟ್ಟು ಮೇಲೆ ಕೂತವರು ಅಂತ ಅರ್ಥ. ಕೂತ ಖರ್ಚು ಯಾರಿಂದಲಾದರೂ ಹುಟ್ಟಬೇಕಲ್ಲ!

"ಅಕೌಂಟ್ ಐಡಿ ಹಾಕಿದ ಕೂಡಲೇ ನನ್ನ ಹೆಸರು, ಬಾಕಿ ಎಲ್ಲ ತೋರಿಸಿತಲ್ಲ, ಸುಳ್ಳಾಗೋಕೆ ಹೇಗೆ ಸಾಧ್ಯ?" ಅಂತ ಭಾವನ ವಾದ. ಹೆಸರು ಸರಿಯಾಗಿಯೇ ಬರುತ್ತದೆ ಭಾವ. ಹಿಂದೆ ಬಿಬಿಪಿಎಸ್ ಅಂತಿದ್ದ, ಈಗ ಭಾರತ್ ಕನೆಕ್ಟ್ ಅನ್ನುವ ವ್ಯವಸ್ಥೆಯ ಮೂಲಕ ಎಷ್ಟೋ ಆ್ಯಪ್‌ಗಳಿಗೂ ಬ್ಯಾಂಕುಗಳಿಗೂ ಅದೇ ವಿವರ ಸಿಗುತ್ತದೆ. ಅವರೆಲ್ಲ ಮೋಸಗಾರರಲ್ಲ. ಬಿಲ್ಲೂ ಪಾವತಿಯಾಗುತ್ತದೆ. ಆದರೆ ಹೆಸರು ಕಂಡಿತು ಅಂದ ಮಾತ್ರಕ್ಕೆ ಅದು ಬೆಸ್ಕಾಂ ಪುಟವಲ್ಲ. ಹೆಚ್ಚಿನ ಶುಲ್ಕ ತಲೆ ಎತ್ತುವುದು ಕೊನೆಯ ಪರದೆಯಲ್ಲಿ, ನೀವು ಪಿನ್ ಒತ್ತಲು ಬೆರಳು ಚಾಚಿದಾಗ.

ಹಾಗಾದರೆ ಅಸಲಿ ಯಾವುದು? ಹುಡುಕಲೇಬೇಡಿ. bescom.karnataka.gov.in ಅಂತ ನೀವೇ ಟೈಪ್ ಮಾಡಿ. ನೀರಿನ ಬಿಲ್ಲಿಗೆ ಜಲಮಂಡಳಿಯದು bwssb.karnataka.gov.in. ವಿಳಾಸದ ಮೊದಲ ಒಂಟಿ ಓರೆಗೆರೆಗಿಂತ ಮುಂಚೆ ಇರುವ ಬಾಲ ನೋಡಬೇಕು. ಅಲ್ಲಿ gov.in ಇರಬೇಕು. ಆ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವಂಥದ್ದು. ಮುಂದುಗಡೆ "ಬೆಸ್ಕಾಂ" ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. ಅಸಲಿ ಪುಟದಿಂದ ಪಾವತಿಯ ಕೊಂಡಿ ಒತ್ತಿದ ಮೇಲೆ ವಿಳಾಸ ಬದಲಾಗಿ ಬ್ಯಾಂಕಿನ ಗೇಟ್‌ವೇಗೆ ಹೋದರೆ ಗಾಬರಿ ಬೇಡ, ಹೊರಟ ಜಾಗ ಸರಿಯಿದ್ದರೆ ಸಾಕು. ಅಲ್ಲೂ ಕ್ರೆಡಿಟ್ ಕಾರ್ಡಿಗೆ ಶುಲ್ಕ ಬೀಳಬಹುದು. ಅದಕ್ಕೇ ಪಿನ್ನಿಗೆ ಮುಂಚೆ ಒಟ್ಟು ಮೊತ್ತವನ್ನು ಕಾಗದದ ಬಿಲ್ಲಿನ ಜೊತೆ ಹೋಲಿಸಿ. ಒಂದು ರೂಪಾಯಿ ಹೆಚ್ಚಿದ್ದರೂ ಹಿಂದಕ್ಕೆ ಬನ್ನಿ.

ಇಷ್ಟೆಲ್ಲ ಕೇಳಿದ ಭಾವ, "ರಾತ್ರಿ ಕರೆಂಟ್ ಕಟ್ ಮಾಡ್ತೀವಿ, ಈ ನಂಬರಿಗೆ ಫೋನ್ ಮಾಡಿ ಅಂತ ಮೆಸೇಜ್ ಬಂದಿದೆ, ಮಾಡಲಾ?" ಅಂದರು. ಮಾಡಿ ಭಾವ, ಆದರೆ ಆ ನಂಬರಿಗಲ್ಲ, ಬೆಸ್ಕಾಂನ 1912ಕ್ಕೆ. ಆ ಇನ್ನೊಂದು ನಂಬರಿನವನು ಇಪ್ಪತ್ತೈದು ರೂಪಾಯಿಗೆಲ್ಲ ತೃಪ್ತಿಪಡುವ ಆಸಾಮಿಯಲ್ಲ.