ಸಂದೇಶಕೂಟ ಮೀಮಾಂಸೆ
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳನ್ನು ಕುರಿತ ಮಹಾಪ್ರಬಂಧದ ಸಂಗ್ರಹ)

ಪೀಠಿಕೆ

1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಒಂದೇ ಮನೆ ಸೇರಿದವು. ಮುಂದೆ ಹೊನ್ನಾಳಿ ಪಾಲಾಗಿ ನ್ಯಾಮತಿ ಬೇರೆ ತಾಲ್ಲೂಕಾಯಿತು. ಈ ಕೂಡಿಕೆಗೆ ಸರ್ಕಾರ ಜಾತಕ ನೋಡಿಸಲಿಲ್ಲ. ಆದರೆ ಇದೇ ತಾಲ್ಲೂಕುಗಳ ಹುಡುಗ ಹುಡುಗಿ ಬೆಂಗಳೂರಿನ ಪಿ.ಜಿ.ಗಳಲ್ಲಿ ಕೂತು ಮೊಬೈಲಿನಲ್ಲಿ ಪರಿಚಯವಾಗಿ ‘ಊಟ ಆಯ್ತಾ’ ಎಂಬಲ್ಲಿಗೆ ಬಂದರೆ ಸಾಕು, ಇಪ್ಪತ್ತೇಳು ನಕ್ಷತ್ರಗಳೂ ಎದ್ದು ಕೂರುತ್ತವೆ. ಈ ವಿದ್ಯಮಾನವನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪ್ರಥಮ ಸೂತ್ರ: ಜಾತಿಯನ್ನು ಜಾತಿಯೆಂದು ಕೇಳತಕ್ಕದ್ದಲ್ಲ

ವ್ಯಾಖ್ಯಾನ: ವಿದ್ಯಾವಂತರು ಜಾತಿ ಕೇಳುವುದಿಲ್ಲ. ಅವರು ‘ನಿಮ್ಮ ಮನೆದೇವ್ರು ಯಾವ್ದು?’ ಎನ್ನುತ್ತಾರೆ. ಉತ್ತರ ಸ್ಪಷ್ಟವಾಗದಿದ್ದರೆ ‘ನೀವು ಯಾವ ಮಠಕ್ಕೆ ನಡ್ಕೋತೀರಾ?’ ಎನ್ನುತ್ತಾರೆ. ಸಿರಿಗೆರೆ ಎಂದರೆ ಒಂದು ಅರ್ಥ, ಹೊನ್ನಾಳಿ ಹಿರೇಕಲ್ಮಠ ಎಂದರೆ ಇನ್ನೊಂದು, ಕಾಗಿನೆಲೆ ಎಂದರೆ ಮತ್ತೊಂದು, ರಾಜನಹಳ್ಳಿ ಎಂದರೆ ಮಗದೊಂದು. ನ್ಯಾಮತಿ ಕಡೆಯವರು ಸೂರಗೊಂಡನಕೊಪ್ಪದ ಜಾತ್ರೆಯ ಫೋಟೊ ಹಾಕಿದ್ದರೆ ಪ್ರಶ್ನೆಯೇ ಬೇಕಿಲ್ಲ. ಎಲ್ಲೂ ಸಿಕ್ಕಿಬೀಳದವರಿಗೆ ಕೊನೆಯ ಬಾಣವೊಂದಿದೆ: ‘ನಿಮ್ಮನೇಲಿ ಮೊಟ್ಟೆ ತಿಂತಾರಾ?’

ಇಲ್ಲಿ ಒಂದು ಸೂಕ್ಷ್ಮವುಂಟು. ಜಾತಿ ಒಂದೇ ಎಂದು ತಿಳಿದ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ, ದಿಕ್ಕು ಬದಲಿಸುತ್ತದೆ. ಈಗ ಬೆಡಗು ಕೇಳಬೇಕು. ಬೆಡಗು ಒಂದೇ ಆದರೆ ಇಬ್ಬರೂ ಅಣ್ಣತಂಗಿಯರು. ಆದ್ದರಿಂದ ಈ ಸೀಮೆಯಲ್ಲಿ ವರ್ಜ್ಯವಾದ ಸಂಬಂಧಗಳು ಎರಡು: ನಮ್ಮವರಲ್ಲದವರು, ಮತ್ತು ತೀರಾ ನಮ್ಮವರಾದವರು.

ದ್ವಿತೀಯ ಸೂತ್ರ: ಕೂಟ ಒಂದಲ್ಲ, ಎರಡು, ಬೇಕಾದದ್ದನ್ನು ಆರಿಸಿಕೊಳ್ಳತಕ್ಕದ್ದು

ವ್ಯಾಖ್ಯಾನ: ಮೊಬೈಲಿನ ಹೊಂದಾಣಿಕೆ ಸಾಮಾನ್ಯವಾಗಿ ಅಷ್ಟಕೂಟದ ಲೆಕ್ಕ. ವರ್ಣಕ್ಕೆ 1 ಅಂಕ, ವಶ್ಯಕ್ಕೆ 2, ತಾರೆಗೆ 3 ಎಂದು ಏರುತ್ತ ಕೊನೆಯ ನಾಡಿಗೆ 8, ಒಟ್ಟು 36. ಅರ್ಧ ಬಂದರೆ ಪಾಸು. ಊರಿನ ಜೋಯಿಸರು ಹಲವೆಡೆ ನೋಡುವುದು ದಶಕೂಟ. ಅದರಲ್ಲಿ ರಜ್ಜು ಎಂಬುದೊಂದಿದೆ. ಅದು ಅಷ್ಟಕೂಟದ ಪಟ್ಟಿಯಲ್ಲೇ ಇಲ್ಲ. ಹೀಗಾಗಿ ಒಂದೇ ಜೋಡಿ ಅಂಗೈಯಲ್ಲಿ ಪಾಸಾಗಿ ಪಡಸಾಲೆಯಲ್ಲಿ ಫೇಲಾಗಬಹುದು.

ದೃಷ್ಟಾಂತ: ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯ ಹುಡುಗ, ರೋಹಿಣಿ ನಕ್ಷತ್ರ, ವೃಷಭ ರಾಶಿ. ಜಗಳೂರು ಕಡೆಯ ಮೆಕ್ಕೆಜೋಳದ ಹೊಲದ ಮನೆಯ ಹುಡುಗಿ, ಶತಭಿಷಾ ನಕ್ಷತ್ರ, ಕುಂಭ ರಾಶಿ. (ಇಂಥವರು ಎಲ್ಲೂ ಇಲ್ಲ, ಎಲ್ಲ ಕಡೆಯೂ ಇದ್ದಾರೆ.) ರೋಹಿಣಿ ಅಂತ್ಯ ನಾಡಿ, ಶತಭಿಷಾ ಆದಿ ನಾಡಿ. ನಾಡಿ ಬೇರೆಯಾದ್ದರಿಂದ 8 ಅಂಕ. ರಾಶಿಗಳು ಪರಸ್ಪರ ನಾಲ್ಕು ಹತ್ತರಲ್ಲಿ ಇರುವುದರಿಂದ 7. ಶುಕ್ರ ಶನಿಗಳು ಮಿತ್ರರಾದ್ದರಿಂದ ಗ್ರಹಮೈತ್ರಿಗೆ 5. ಮೂರೇ ಕೂಟಕ್ಕೆ 20 ಬಂತು. ಹುಡುಗ ಸ್ಕ್ರೀನ್‌ಶಾಟ್ ಕಳಿಸಿದ, ಹುಡುಗಿ ನಗುಮುಖ ಕಳಿಸಿದಳು.

ಚನ್ನಗಿರಿಯಲ್ಲಿ ಜೋಯಿಸರು ಪಂಚಾಂಗ ಮುಚ್ಚಿ ಕನ್ನಡಕ ತೆಗೆದರು. ರೋಹಿಣಿ, ಆರ್ದ್ರಾ, ಹಸ್ತ, ಸ್ವಾತಿ, ಶ್ರವಣ, ಶತಭಿಷಾ ಈ ಆರೂ ಕಂಠರಜ್ಜು. ಇಬ್ಬರದೂ ಒಂದೇ ರಜ್ಜುವಾದರೆ ದೋಷ, ಅದರಲ್ಲೂ ಕಂಠವಾದರೆ ಹೆಂಡತಿಗೆ ಅಪಾಯ ಎಂಬುದು ಶಾಸ್ತ್ರ. ‘ಹುಡ್ಗಿ ಬಾಳಿ ಬದುಕ್ಬೇಕಲ್ಲಪ್ಪ’ ಎಂದು ಹುಡುಗನ ಅವ್ವ ಕಣ್ಣೊರೆಸಿಕೊಂಡರು. ಆ ಹುಡುಗಿಯನ್ನು ಅವರಿನ್ನೂ ನೋಡಿರಲಿಲ್ಲ.

ತೃತೀಯ ಸೂತ್ರ: ಮನೆ ಒಪ್ಪಿದರೆ ಹೆಸರುಬಲ

ವ್ಯಾಖ್ಯಾನ: ಮೂರು ವಾರ ಕಳೆದವು. ಈ ನಡುವೆ ಸೋದರಮಾವ ಜಗಳೂರಿಗೆ ಹೋಗಿ ಬಂದ. ಮಠ ಒಂದೇ, ಬೆಡಗು ಬೇರೆ, ಹೊಲಕ್ಕೆ ಬೋರ್‌ವೆಲ್ ಇದೆ, ನೀರೂ ಇದೆ ಎಂಬ ವರದಿ ಬಂತು. ಆಮೇಲೆ ಜೋಯಿಸರ ಬಳಿ ಇನ್ನೊಮ್ಮೆ ಕೂತಾಗ ಯಾರೋ ಹಿರಿಯರು, ‘ಹುಟ್ಟಿದ ಟೈಮ್ ಯಾರು ಬರ್ಕೊಂಡಿದ್ರು ಸ್ವಾಮಿ, ಹೆಸರಿನ ಮೇಲೆ ನೋಡ್ರಿ’ ಎಂದರು.

ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರ ಹಿಡಿಯುವುದು ಹಳೆಯ ಪದ್ಧತಿ. ಮ, ಮಿ, ಮು, ಮೆ ಎಂದರೆ ಮಖಾ. ರ, ರಿ ಎಂದರೆ ಚಿತ್ತಾ ನಕ್ಷತ್ರದ ಕೊನೆಯೆರಡು ಪಾದ, ತುಲಾ ರಾಶಿ. ಹುಡುಗನ ಹೆಸರು ಮಕಾರದ್ದು, ಹುಡುಗಿಯದು ರಕಾರದ್ದು. ಮಖಾ ಪಾದರಜ್ಜು, ಚಿತ್ತಾ ಶಿರೋರಜ್ಜು. ಕಂಠದ ಹಗ್ಗ ತಾನಾಗಿ ಬಿಚ್ಚಿತು. ಎರಡೂ ರಾಕ್ಷಸ ಗಣದ ನಕ್ಷತ್ರಗಳು, ಆದಕಾರಣ ಗಣಕೂಟಕ್ಕೂ ಪೂರ್ಣಾಂಕ ದೊರೆಯಿತು. ಆಕಾಶದಲ್ಲಿ ಯಾವ ನಕ್ಷತ್ರವೂ ಒಂದಿಂಚು ಕದಲಲಿಲ್ಲ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಇದರಿಂದ ಸಿದ್ಧವಾಗುವ ಪ್ರಮೇಯ: ಜಾತಕವು ತೀರ್ಪಲ್ಲ, ತೀರ್ಪಿಗೆ ಉಡಿಸುವ ಪಂಚೆ. ‘ನಿಮ್ಮ ಜಾತಿ ಬೇಡ’, ‘ನಿಮ್ಮ ಹೊಲದಲ್ಲಿ ನೀರಿಲ್ಲ’ ಎಂದು ಮುಖಕ್ಕೆ ಹೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ‘ಕೂಡಿ ಬರ್ಲಿಲ್ಲ ಕಣ್ರಿ’ ಎಂದರೆ ಯಾರ ಮನಸ್ಸೂ ನೋಯದು, ತಪ್ಪೆಲ್ಲ ಶನಿಗೆ.

ಚತುರ್ಥ ಸೂತ್ರ: ದೋಷದ ಲಕ್ಷಣದಿಂದ ಮನೆಯ ಮನಸ್ಸನ್ನು ಅರಿಯತಕ್ಕದ್ದು

ವ್ಯಾಖ್ಯಾನ: ಲಕ್ಷಣಗಳು ಮೂರು. ಒಂದು, ದೋಷ ಹೇಳಿದ ಉಸಿರಿನಲ್ಲೇ ‘ಶಾಂತಿ ಮಾಡಿಸಿದ್ರಾಯ್ತು’ ಎಂದರೆ ಆ ಮನೆ ಒಪ್ಪಿದೆ, ಖರ್ಚು ಯಾರದೆಂಬುದಷ್ಟೇ ಬಾಕಿ. ಎರಡು, ಹುಟ್ಟಿದ ವೇಳೆ ಕೇಳುವ ಮೊದಲೇ ಕುಜದೋಷ ಸಿಕ್ಕಿದ್ದರೆ ಅದು ಕುಜನದಲ್ಲ. ಕುಜನನ್ನು ಮುಖ್ಯವಾಗಿ ಲಗ್ನದಿಂದ ಎಣಿಸಬೇಕು, ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ವೇಳೆಯಿಲ್ಲದೆ ಲಗ್ನವಿಲ್ಲ. ಮೇಲಾಗಿ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೇ ಮನೆಗಳಲ್ಲಿ ಕುಜನಿದ್ದರೆ ದೋಷ, ಕೆಲವರು ಲಗ್ನವನ್ನೂ ಸೇರಿಸುತ್ತಾರೆ. ಅಲ್ಲಿಗೆ ಹನ್ನೆರಡರಲ್ಲಿ ಆರು. ಊರಿನ ಅರ್ಧ ಜನ ದೋಷವಂತರಾಗಿಯೂ ಸಂಸಾರ ಮಾಡುತ್ತಿದ್ದಾರೆ. ಮೂರನೆಯದು ಕಠಿಣ. ಜಾತಿ ಬೇರೆಯೆಂದು ಗೊತ್ತಾದ ಮನೆ ನಕ್ಷತ್ರವನ್ನು ಕೇಳುವುದೇ ಇಲ್ಲ. ಅಲ್ಲಿ 36ಕ್ಕೆ 36 ಬಂದ ಸ್ಕ್ರೀನ್‌ಶಾಟೂ ಕೆಲಸಕ್ಕೆ ಬಾರದು.

ಪಂಚಮ ಸೂತ್ರ: ಮೊದಲ ವಾರದಲ್ಲೇ ಎರಡು ಪ್ರಶ್ನೆ

ವ್ಯಾಖ್ಯಾನ: ಇಷ್ಟು ಶಾಸ್ತ್ರದಿಂದ ಚಾಟಿನಲ್ಲಿರುವ ಬಡಪಾಯಿಗಳಿಗೆ ದಕ್ಕುವುದು ಇಷ್ಟೇ. ಸಿನಿಮಾ, ಟ್ರೆಕಿಂಗ್, ನಾಯಿಮರಿ ಇವುಗಳ ನಡುವೆ ಮೊದಲು ಹೀಗೆ ಕೇಳಿ: ‘ನಿಮ್ಮನೇಲಿ ಜಾತಕ ನೋಡ್ತಾರಾ? ನೋಡಿದ್ರೆ ಟೈಮ್ ಮೇಲೋ, ಹೆಸರಿನ ಮೇಲೋ?’ ಉತ್ತರ ಬಂದ ಮೇಲೆ ಎರಡನೆಯದು: ‘ಬೇರೆ ಜಾತಿ ಅಂತ ಮನೇಲಿ ಬೇಡ ಅಂದ್ರೆ, ಅವರೆದುರು ಕೂತು ನೀವು ಮಾತಾಡ್ತೀರಾ?’ ಮೊದಲನೆಯದಕ್ಕೆ ಯಾವ ಉತ್ತರ ಬಂದರೂ ದಾರಿಯುಂಟು. ಎರಡನೆಯದಕ್ಕೆ ‘ನೋಡಣ’ ಎಂದು ಬಂದರೆ ಅದನ್ನು ‘ಇಲ್ಲ’ ಎಂದೇ ಓದಿಕೊಳ್ಳಿ. ಮಠ ಕೇಳಿದವರಿಗೆ ಮಠದ ಹೆಸರು ಹೇಳಿ, ಹಿಂದೆಯೇ ‘ಯಾಕೆ ಕೇಳಿದ್ರಿ?’ ಎಂದೂ ಕೇಳಿ. ಆರು ತಿಂಗಳ ಶುಭರಾತ್ರಿಗಳು ಉಳಿಯುತ್ತವೆ.

ಉಪಸಂಹಾರ

ಎರಡನೆಯ ಪ್ರಶ್ನೆಗೆ ‘ಮಾತಾಡ್ತೀನಿ’ ಎಂದವರಿಗೆ ಇನ್ನೊಂದು ಶಾಸ್ತ್ರಗ್ರಂಥವುಂಟು, 1954ರ ವಿಶೇಷ ವಿವಾಹ ಕಾಯ್ದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ನೋಟಿಸು ಕೊಟ್ಟು 30 ದಿನ ಕಾಯಬೇಕು. ಆ ನೋಟಿಸಿನಲ್ಲಿ ಹೆಸರು, ವಯಸ್ಸು, ಉದ್ಯೋಗ, ವಾಸಸ್ಥಳ ಕೇಳುತ್ತಾರೆ. ರಜ್ಜುವಿಗೂ ಬೆಡಗಿಗೂ ಅಲ್ಲಿ ಕಾಲಂ ಇಲ್ಲ.